ತರಗತಿ ನಕ್ಕರೆ ತಮಾಷೆಯಾಯಿತೇ?

ಬೋಧನಾಭ್ಯಾಸದ ಎರಡನೇ ವಾರ. ಒಂಬತ್ತನೇ ತರಗತಿಗೆ ಚಲನೆಯ ಪಾಠ ಮಾಡುತ್ತಿದ್ದೆ. ನಿಂತಲ್ಲಿಂದ ಹೊರಟ ಸೈಕಲ್ಲಿನ ವೇಗೋತ್ಕರ್ಷ 2 ಮೀ/ಸೆ², 5 ಸೆಕೆಂಡಿನ ನಂತರ ಅದರ ವೇಗ ಎಷ್ಟು? ಒಬ್ಬ ಹುಡುಗ ಬೋರ್ಡಿಗೆ ಬಂದು v = u + at ಎಂದು ಬರೆದ. u = 0 ಎಂದೂ ಸರಿಯಾಗಿ ಹಾಕಿದ. ಆಮೇಲೆ 2 ಮತ್ತು 5ನ್ನು ಗುಣಿಸುವ ಬದಲು ಕೂಡಿಸಿ 7 ಎಂದ. ನಾನು, "ಲೇ, ತಲೇಲಿ ಏನ್ ತುಂಬೈತಲೇ, ಸಗಣಿನಾ?" ಎಂದೆ. ತರಗತಿ ಗೊಳ್ಳೆಂದು ನಕ್ಕಿತು, ಅವನೂ ನಕ್ಕ. ಪಾಠ ಚೆನ್ನಾಗಿ ನಡೆಯಿತು ಎಂದುಕೊಂಡೆ.

ಮುಂದಿನ ಮೂರು ಪಾಠಗಳಲ್ಲಿ ಅವನು ಕೈ ಎತ್ತಲಿಲ್ಲ. ಆಟದ ಬಯಲಿನಲ್ಲಿ ಹುಡುಗರು ಅವನನ್ನು "ಸಗಣಿ" ಎಂದು ಕರೆಯುವುದು ಕಿವಿಗೆ ಬಿತ್ತು.

ಆ ಮಾತು ನನ್ನದಲ್ಲ, ಹಾಸ್ಟೆಲಿನದು. ಭೌತಶಾಸ್ತ್ರದಲ್ಲಿ ನಮ್ಮೆಲ್ಲರಿಗಿಂತ ಹೆಚ್ಚು ಅಂಕ ತೆಗೆಯುವ ನನ್ನ ರೂಮಿನ ಗೆಳೆಯನಿಗೆ ದಿನಕ್ಕೊಮ್ಮೆಯಾದರೂ ಇದನ್ನೇ ಹೇಳುತ್ತೇನೆ. "ನಿನ್ನ ತಲೇಲಿ ಅದೂ ಇಲ್ಲಲ್ಲೋ" ಎಂದು ಅವನು ತಿರುಗಿಸಿ ಕೊಡುತ್ತಾನೆ. ಇಬ್ಬರೂ ನಗುತ್ತೇವೆ. ಅಲ್ಲಿ ನಗು ತಂದ ಮಾತು ತರಗತಿಯಲ್ಲಿ ಏಕೆ ಚುಚ್ಚಿತು?

ಇದಕ್ಕೆ ಉತ್ತರ ಸಭ್ಯತೆಯ ಸಿದ್ಧಾಂತದಲ್ಲಿದೆ. ನಾಲ್ಕು ಜನರ ಮುಂದೆ ನಮಗಿರುವ ಮರ್ಯಾದೆಯನ್ನು ಸಮಾಜಶಾಸ್ತ್ರಜ್ಞ ಗೋಫ್‌ಮನ್ 1955ರಲ್ಲಿ 'ಮುಖ' ಎಂಬ ಮಾತಿನಿಂದ ವಿವರಿಸಿದರು. ನಮಗೆ ಇದು ಹೊಸದಲ್ಲ. ಮುಖಭಂಗ ಎನ್ನುವುದು ಇದನ್ನೇ. ಮುಂದೆ ಬ್ರೌನ್ ಮತ್ತು ಲೆವಿನ್‌ಸನ್, ತಮಿಳನ್ನೂ ಸೇರಿಸಿ ಮೂರು ಭಾಷೆಗಳ ಮಾತುಕತೆ ನೋಡಿ, ಒಂದು ಮಾತು ಮುಖಕ್ಕೆ ಎಷ್ಟು ಭಾರವಾಗುತ್ತದೆ ಎಂಬುದನ್ನು ಮೂರು ಅಂಶಗಳಿಂದ ಅಳೆದರು: ಇಬ್ಬರ ನಡುವಿನ ದೂರ, ಕೇಳುವವನಿಗೂ ಹೇಳುವವನಿಗೂ ಇರುವ ಅಧಿಕಾರದ ವ್ಯತ್ಯಾಸ, ಮಾತಿನ ಸ್ವಂತ ತೂಕ. ಭಾರ ಹೆಚ್ಚಿದಷ್ಟೂ ನಾವು ಮಾತನ್ನು ಮೆತ್ತಗೆ ಮಾಡುತ್ತೇವೆ. ಹಾಗಾದರೆ ಮೆತ್ತಗೆ ಮಾಡದೆ ಒರಟಾಗಿಯೇ ಆಡಿದರೆ, "ನಮ್ಮ ನಡುವೆ ಅಷ್ಟು ದೂರವಿಲ್ಲ" ಎಂದು ಹೇಳಿದಂತೆಯೂ ಆಗಬಹುದು. ಲೀಚ್ 1983ರಲ್ಲಿ ಇದಕ್ಕೊಂದು ಷರತ್ತು ಇಟ್ಟರು: ಆ ಮಾತು ಒರಟು ಎಂಬುದಷ್ಟೇ ಅಲ್ಲ, ಸುಳ್ಳು ಎಂಬುದೂ ಇಬ್ಬರಿಗೂ ಎದ್ದು ಕಾಣಬೇಕು. ಬೈಗುಳ ಸುಳ್ಳೆಂದು ಗೊತ್ತಿದ್ದರೆ ಉಳಿಯುವುದು ಸಲಿಗೆ ಮಾತ್ರ. ನಗು ಬರುವುದು ಅಲ್ಲಿಂದ.

ಗೆಳೆಯನ ತಲೆಯಲ್ಲಿ ಸಗಣಿ ಇಲ್ಲ ಎಂಬುದಕ್ಕೆ ಅವನ ಅಂಕಪಟ್ಟಿಯೇ ಸಾಕ್ಷಿ. ಹುಡುಗನ ಹಿಂದೆ ಬೋರ್ಡಿನ ಮೇಲೆ ತಪ್ಪು ಲೆಕ್ಕ ಇತ್ತು. ಅವನಿಗೆ ನನ್ನ ಮಾತು ಸುಳ್ಳಾಗಿ ಕೇಳಲು ಕಾರಣವೇ ಇರಲಿಲ್ಲ. ನಮ್ಮ ಪರಿಚಯ ಒಂದು ವಾರದ್ದು. ನಾನು ಅಂಕ ಹಾಕುವವನು, ಅವನು ಹಾಕಿಸಿಕೊಳ್ಳುವವನು.

ನಮ್ಮ ಕಡೆ ಮದುವೆಯಲ್ಲಿ ಬೀಗರನ್ನು ಹಾಡಿನಲ್ಲಿ ಹಂಗಿಸುವುದುಂಟು. ಯಾರೂ ಮುನಿಯುವುದಿಲ್ಲ, ಏಕೆಂದರೆ ಆ ಕಡೆಯವರಿಗೂ ಹಾಡುವ ಸರದಿ ಇದೆ. ಅದೇ ಮಾತನ್ನು ಮರುವಾರ ಬೀಗರ ಮನೆಯ ಅಂಗಳದಲ್ಲಿ ನಿಂತು ಆಡಿದರೆ ಜಗಳ. ನನ್ನ ಪಾಠ ಅವಲೋಕಿಸಿದ ಮಾರ್ಗದರ್ಶಕ ಶಿಕ್ಷಕರು ಕೇಳಿದ್ದೂ ಇಷ್ಟೇ: "ಅವನು ಅದೇ ಮಾತನ್ನ ನಿಮಗೆ ತಿರುಗಿಸಿ ಹೇಳಬಹುದಿತ್ತೇನ್ರಿ?" ಹೇಳಬಹುದಿರಲಿಲ್ಲ. ಅವನ ನಗು ಒಪ್ಪಿಗೆಯಲ್ಲ. ಉಳಿದವರ ಮುಂದೆ ಮುಖ ಉಳಿಸಿಕೊಳ್ಳಲು ಅವನಿಗಿದ್ದ ಒಂದೇ ದಾರಿ.

"ನಮ್ಮ ಭಾಗದಲ್ಲಿ 'ಲೇ' ಅನ್ನದಿದ್ದರೆ ಮಕ್ಕಳು ಹತ್ತಿರ ಬರಲ್ಲ" ಎಂದು ಸಹಪಾಠಿಗಳು ವಾದಿಸುತ್ತಾರೆ. ಅರ್ಧ ಒಪ್ಪುತ್ತೇನೆ. "ಬಾರಲೇ, ಬೋರ್ಡಿಗೆ" ಎಂಬುದು ಕರೆಯುವ ರೀತಿ. ಅದರಲ್ಲಿ ಹುಡುಗನ ಬುದ್ಧಿಯ ಬಗ್ಗೆ ತೀರ್ಪಿಲ್ಲ. ಆದರೆ ಅವನು ಕಲಿಯಲು ಬಂದ ವಿಷಯದಲ್ಲೇ, ಅವನು ತಪ್ಪಿದ ಗಳಿಗೆಯಲ್ಲೇ ಆಡುವ ಒರಟು ಮಾತು ತಮಾಷೆಯಾಗುವುದು ಕಷ್ಟ. ಹಂಗಿಸಲೇಬೇಕೆಂದರೆ ನಮ್ಮನ್ನೇ ಹಂಗಿಸಿಕೊಳ್ಳೋಣ. ಬೋರ್ಡಿನಲ್ಲಿ ನಾವು ತಪ್ಪಿದಾಗ ಮಕ್ಕಳು ನಕ್ಕರೆ ಯಾರ ಮುಖವೂ ಬೀಳುವುದಿಲ್ಲ.

ನಾನು ಹುಡುಗನನ್ನು ಕರೆದು ತಪ್ಪು ನನ್ನದೆಂದೆ. ಮರುದಿನ ಅವನ ಲೆಕ್ಕವನ್ನೇ ಬೋರ್ಡಿಗೆ ಹಾಕಿ, ಸೂತ್ರವೂ u ಬೆಲೆಯೂ ಸರಿಯಿತ್ತು, at ಎಂದರೆ ಗುಣಾಕಾರ ಎಂಬುದೊಂದೇ ಬಿಟ್ಟುಹೋಗಿತ್ತು ಎಂದು ತೋರಿಸಿದೆ. ನಾಲ್ಕು ದಿನಕ್ಕೆ ಅವನು ಮತ್ತೆ ಕೈ ಎತ್ತಿದ. ಅಡ್ಡಹೆಸರು ಮಾತ್ರ ನಾನು ಶಾಲೆ ಬಿಡುವವರೆಗೂ ಹೋಗಲಿಲ್ಲ.

ನಮ್ಮ ಅವಲೋಕನ ಪತ್ರದಲ್ಲಿ 'ತರಗತಿ ವಾತಾವರಣ' ಎಂಬ ಕಲಮು ಇದೆ. ಮಕ್ಕಳು ನಕ್ಕರೆ ಅಲ್ಲಿ 'ಉತ್ತಮ' ಎಂದು ಬೀಳುತ್ತದೆ. ಯಾರ ಮೇಲೆ ನಕ್ಕರು, ಮರುದಿನ ಆ ಮಗು ಕೈ ಎತ್ತಿತೇ ಎಂಬುದನ್ನೂ ಅಲ್ಲಿ ಬರೆಯಬೇಕು ಎಂಬುದು ನನ್ನ ಅಭಿಪ್ರಾಯ.