ಕ್ಯೂಆರ್ ಕೋಡಿಗೂ ಲೆಕ್ಕದ ಪುಸ್ತಕ ಬೇಕು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯಲ್ಲಿ ಈಗ ಒಂದೊಂದು ಊರಿನ ಸಂಘಕ್ಕೂ ಒಂದು ಯೂಟ್ಯೂಬ್ ಚಾನೆಲ್, ಒಂದು ವಾಟ್ಸಾಪ್ ಚಾನೆಲ್ ಇದೆ. ಅವುಗಳಲ್ಲಿ ಸನ್ಮಾನದ ಚಿತ್ರಗಳೇ ಹೆಚ್ಚು. ಕೊನೆಗೆ ಕ್ಯೂಆರ್ ಕೋಡು, 'ಯಥಾಶಕ್ತಿ ಸಹಾಯ ಮಾಡಿ' ಎಂಬ ಒಂದು ಸಾಲು. ನಿವೃತ್ತನಾದ ಮೇಲೆ ನಾನೂ ಒಂದು ಸಂಘದ ಚಾನೆಲ್ ನೋಡಿಕೊಳ್ಳುತ್ತಿದ್ದೇನೆ. ಈ 'ಯಥಾಶಕ್ತಿ' ಎಂಬ ಮಾತೇ ದಾನಕ್ಕೆ ಅಡ್ಡಿ ಎಂಬುದು ನನ್ನ ಅಭಿಪ್ರಾಯ. ಯಾವುದಕ್ಕೆ, ಎಷ್ಟು ಎಂದು ಹೇಳದೆ ಕೇಳಿದರೆ ಕೊಡುವವನಿಗೆ ಕೈ ಬರುವುದಿಲ್ಲ.

ಕೆರೆಯ ಹೂಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಜಗಳೂರು ತಾಲ್ಲೂಕಿನ 57 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಯೋಜನೆ ನಮಗೆಲ್ಲ ಗೊತ್ತು. ಆದರೆ ಹೂಳು ತುಂಬಿದ ಕೆರೆಗೆ ನೀರು ಬಂದರೂ ನಿಲ್ಲಲು ಜಾಗವೆಲ್ಲಿ? ಆದ್ದರಿಂದ ಸಂಘ ಹೂಳೆತ್ತಲು ಹೊರಟಿತು ಎನ್ನಿ. ಮೊದಲು ಒಪ್ಪಿಗೆ ಬೇಕು. ಅಚ್ಚುಕಟ್ಟು 40 ಹೆಕ್ಟೇರ್ ಮೀರಿದ ಕೆರೆ ಸಣ್ಣ ನೀರಾವರಿ ಇಲಾಖೆಯದು, ಅದಕ್ಕಿಂತ ಚಿಕ್ಕದು ಪಂಚಾಯತಿ ಕಡೆಯದು. ಒಪ್ಪಿಗೆ ಪತ್ರವನ್ನು ಮೊದಲ ವಿಡಿಯೊದಲ್ಲೇ ತೋರಿಸಿ.

ಆಮೇಲೆ ಅಳತೆ. 100 ಮೀಟರ್ ಉದ್ದ, 30 ಮೀಟರ್ ಅಗಲ, 0.3 ಮೀಟರ್ ಆಳಕ್ಕೆ 900 ಘನ ಮೀಟರ್ ಹೂಳಾಗುತ್ತದೆ. ಟ್ರೇಲರಿಗೆ 3 ಘನ ಮೀಟರ್ ಎಂದು ಹಿಡಿದರೆ 300 ಲೋಡು. ಇಲ್ಲೇ ಎಡವುವುದು. ಅಗೆದ ಮಣ್ಣು ಸಡಿಲವಾಗಿ ಉಬ್ಬುತ್ತದೆ. ಶೇ 20ರಷ್ಟು ಉಬ್ಬಿದರೂ 1,080 ಘನ ಮೀಟರ್, ಅಂದರೆ 360 ಲೋಡು. 300 ಎಂದು ಚಾನೆಲ್‌ನಲ್ಲಿ ಹೇಳಿ 360 ಲೋಡಿನ ಖರ್ಚು ತೋರಿಸಿದರೆ ಊರಿನವರು ಕೇಳದೆ ಬಿಡುವುದಿಲ್ಲ. ಅದಕ್ಕೇ ಲೋಡು ಎಣಿಸಿ ಹೇಳಬೇಡಿ, ಗುಂಡಿಯ ಅಳತೆ ಹೇಳಿ. ಅಗೆಯುವ ಮೊದಲು, ಅಗೆದ ಮೇಲೆ, ಒಂದೇ ಕಲ್ಲಿನ ಮೇಲೆ ನಿಂತು, ಅಳತೆ ಕೋಲು ಕಾಣುವಂತೆ ಎರಡು ವಿಡಿಯೊ ತೆಗೆಯಿರಿ. ಹೂಳಿನ ಕೆಳಗಿನ ಗಟ್ಟಿ ಜೇಡಿಯನ್ನೂ ಏರಿಯ ಬುಡವನ್ನೂ ಮುಟ್ಟಬಾರದು. ಮುಟ್ಟಿದರೆ ನೀರು ಇಂಗಿ ಹೋಗುತ್ತದೆ, ಏರಿಗೂ ಅಪಾಯ. ಹೂಳನ್ನು ರೈತರೇ ತಮ್ಮ ಟ್ರಾಕ್ಟರಿನಲ್ಲಿ ಹೊಲಕ್ಕೆ ಒಯ್ದರೆ ಸಂಘ ಕೇಳಬೇಕಾದದ್ದು ಜೆಸಿಬಿಯ ಗಂಟೆ ಬಾಡಿಗೆ ಮಾತ್ರ. 'ಒಂದು ಗಂಟೆ ಜೆಸಿಬಿ ನನ್ನದು' ಎನ್ನಲು ಜನ ಮುಂದೆ ಬರುತ್ತಾರೆ.

ಸ್ವಯಂಸೇವಕರನ್ನೂ ಹೀಗೇ ಕರೆಯಬೇಕು. ವಾಟ್ಸಾಪ್ ಚಾನೆಲ್ ಮುಖ್ಯವಾಗಿ ನಾವು ಹೇಳುವ ಜಾಗ, ಅವರು ಉತ್ತರ ಕೊಡುವ ಜಾಗವಲ್ಲ. 'ಭಾನುವಾರ ಬೆಳಿಗ್ಗೆ 7ರಿಂದ 9, ಲೋಡು ಬರೆಯಲು ಇಬ್ಬರು, ಅಳತೆ ಹಿಡಿಯಲು ಇಬ್ಬರು' ಎಂದು ಬರೆದು, ಕರೆ ಮಾಡಲು ಸಂಘದ ಒಂದು ನಂಬರು ಕೊಡಿ.

ಇನ್ನು ಹಣ. ನಮ್ಮಲ್ಲಿ ಆದ ತಪ್ಪನ್ನೇ ಹೇಳುತ್ತೇನೆ. ಆರಂಭದಲ್ಲಿ ಅವಸರಕ್ಕೆಂದು ಒಬ್ಬ ಪದಾಧಿಕಾರಿಯ ಸ್ವಂತ ಖಾತೆಯ ಕ್ಯೂಆರ್ ಹಾಕಿದೆವು. ಹಣ ಎಲ್ಲೂ ಹೋಗಲಿಲ್ಲ, ಆದರೆ ಅವರ ಮನೆಯ ಹಣ ಯಾವುದು, ಕೆರೆಯ ಹಣ ಯಾವುದು ಎಂದು ಬೇರ್ಪಡಿಸಲು ಎರಡು ಸಂಜೆ ಹಿಡಿಯಿತು. ಸ್ಕ್ಯಾನ್ ಮಾಡಿದಾಗ ಸಂಘದ ಹೆಸರು ಬರಬೇಕು. ವ್ಯಕ್ತಿಯ ಹೆಸರು ಬಂದರೆ ಕೊಡಬೇಡಿ ಎಂದು ನಾನೇ ಈಗ ಹೇಳುತ್ತೇನೆ.

ಸಂಘದ ಕ್ಯೂಆರ್ ಇದ್ದರೂ ಕೆಲಸ ಮುಗಿಯದು. ಯುಪಿಐನಲ್ಲಿ ಕೊಟ್ಟವರ ಹೆಸರು ಕಾಣುತ್ತದೆ, ವಿಳಾಸ ಕಾಣುವುದಿಲ್ಲ. ಹೆಸರು, ವಿಳಾಸದ ದಾಖಲೆ ಇಲ್ಲದ ದಾನ ಕಾನೂನಿನಲ್ಲಿ ಅನಾಮಧೇಯ ದಾನ. ನೋಂದಾಯಿತ ಸೇವಾ ಸಂಸ್ಥೆಗೆ ಅದು ಮಿತಿ ಮೀರಿ ಬಂದರೆ ಮಿತಿಯ ಮೇಲಿನ ಭಾಗಕ್ಕೆ ಶೇ 30 ತೆರಿಗೆ. ಆದ್ದರಿಂದ ಕ್ಯೂಆರ್ ಕೆಳಗೇ 'ಹೆಸರು, ಊರು, ವಿಳಾಸ ಕಳಿಸಿ, ರಸೀದಿ ಕಳಿಸುತ್ತೇವೆ' ಎಂದು ಹಾಕಿ, ಕಳಿಸಿ. ದಾನಕ್ಕೆ ಆದಾಯ ತೆರಿಗೆ ರಿಯಾಯಿತಿ ಉಂಟೆಂದು ಹೇಳುವ ಮೊದಲು ಸಂಘಕ್ಕೆ ಆ ಮಾನ್ಯತೆ ಇದೆಯೇ ನೋಡಿ. ಇದ್ದರೂ 2,000 ರೂಪಾಯಿ ಮೀರಿದ ನಗದಿಗೆ ರಿಯಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೂ ಇಲ್ಲ.

ವಿಡಿಯೊ ಅಮೆರಿಕದಲ್ಲಿರುವ ನಮ್ಮೂರ ಮಕ್ಕಳಿಗೂ ತಲುಪುತ್ತದೆ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅಡ್ಡಿಯಿಲ್ಲ. ಆ ದೇಶದ ಪೌರತ್ವ ಪಡೆದವರು ಕೊಟ್ಟರೆ ಅದು ವಿದೇಶಿ ದೇಣಿಗೆ. ಓಸಿಐ ಕಾರ್ಡಿದ್ದರೂ ಅಷ್ಟೇ. ಎಫ್‌ಸಿಆರ್‌ಎ ಅನುಮತಿ ಇಲ್ಲದ ಸಂಘ ಅದನ್ನು ಪಡೆಯುವಂತಿಲ್ಲ. ಮಗನಂಥವನಿಗೆ 'ಬೇಡಪ್ಪ' ಎನ್ನುವುದು ಕಷ್ಟ, ಆದರೆ ಎನ್ನಲೇಬೇಕು.

ಕೆಲಸ ಮುಗಿದ ಮೇಲಿನ ವಿಡಿಯೊವೇ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯ. ಬಂದದ್ದೆಷ್ಟು, ಜೆಸಿಬಿ ಗಂಟೆ ಎಷ್ಟು, ಗುಂಡಿಯ ಅಳತೆ ಎಷ್ಟು, ಉಳಿದದ್ದೆಷ್ಟು: ನಾಲ್ಕೇ ಸಾಲು, ಬಿಲ್ಲುಗಳ ಸಮೇತ. ಇಲಾಖೆಯಲ್ಲಿ ಅಳತೆ ಪುಸ್ತಕದಲ್ಲಿ ಬರೆಯದ ಕೆಲಸಕ್ಕೆ ಬಿಲ್ಲಾಗುತ್ತಿರಲಿಲ್ಲ. ಕಾಯಕದ ಹಣವನ್ನು ದಾಸೋಹವೆಂದು ಕೊಟ್ಟವರಿಗೆ ಅಷ್ಟಾದರೂ ಲೆಕ್ಕ ಸಲ್ಲಬೇಡವೇ? ಈ ವಿಡಿಯೊ ಹಾಕದ ಚಾನೆಲ್ ಎರಡನೆಯ ಕೆರೆಗೆ ಹಣ ಕೇಳಬಾರದು.