ಪರಿಚಯ ಒಂದು ನಿಮಿಷ ಸಾಕು, ಪ್ರಶ್ನೆಗೆ ಸಮಯ ಬೇಕು

ಕಾಲೇಜಿನ ವೆಬಿನಾರ್‌ಗಳಿಗೆ ಈಗ ಒಂದು ಅಚ್ಚು ಬಿದ್ದುಹೋಗಿದೆ. ಆರು ಗಂಟೆಗೆ ಅಂತ ಕರೆದರೆ ಶುರುವಾಗುವುದು ಆರೂ ಹತ್ತಕ್ಕೆ. ‘ನನ್ನ ಧ್ವನಿ ಕೇಳಿಸುತ್ತಿದೆಯಾ?’ ಎಂಬ ವಿಚಾರಣೆ, ಪ್ರಾರ್ಥನೆ, ವೇದಿಕೆಯೇ ಇಲ್ಲದ ಕಡೆ ‘ವೇದಿಕೆಯ ಮೇಲಿರುವ ಗಣ್ಯರಿಗೆ’ ಸ್ವಾಗತ, ಆಮೇಲೆ ಅತಿಥಿಗಳ ಬಯೋಡೇಟಾ ವಾಚನ. ಮಾತು ಮುಗಿಯುವಾಗ ಆರೂ ಐವತ್ತೇಳು. ‘ಸಮಯದ ಅಭಾವದಿಂದ ಎರಡೇ ಪ್ರಶ್ನೆ’ ಎಂದು ನಿರೂಪಕರು ಹೇಳುತ್ತಾರೆ. ಅಭಾವ ಆಗಿದ್ದು ಅಲ್ಲ, ಮಾಡಿದ್ದು.

ಇದರಿಂದ ನಷ್ಟ ಯಾರಿಗೆ? ಮನೆಯಲ್ಲಿ ಓದಿದ ಅಣ್ಣನೋ ಅಕ್ಕನೋ ಇರುವವರು ಮಾರನೆಯ ದಿನ ಅವರನ್ನೇ ಕೇಳಿಕೊಳ್ಳುತ್ತಾರೆ. ಮನೆಗೆ ತಾನೇ ಮೊದಲ ಪದವೀಧರ ಆಗುವವನಿಗೆ, ಬ್ಯಾಂಕಿನ ಅಧಿಕಾರಿಯೊಬ್ಬರನ್ನು ನೇರವಾಗಿ ಕೇಳಲು ಸಿಗುವುದು ಆ ಕೊನೆಯ ಇಪ್ಪತ್ತು ನಿಮಿಷ ಮಾತ್ರ. ಭಾಷಣವನ್ನು ಯೂಟ್ಯೂಬಿನಲ್ಲೂ ಕೇಳಬಹುದು. ತನ್ನ ಪ್ರಶ್ನೆಗೆ ಉತ್ತರ ಅಲ್ಲಿ ಸಿಗದು. ಹಾಗಾಗಿ ನಿರೂಪಣೆಯ ಕಾಗದದಲ್ಲಿ ಅರ್ಧ ಭಾಗ ಪ್ರಶ್ನೆಗಳಿಗೇ ಮೀಸಲಾಗಬೇಕು ಎಂಬುದು ನನ್ನ ವಾದ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಂತಿಮ ವರ್ಷದವರಿಗೆ ಬ್ಯಾಂಕ್ ಕ್ಲರ್ಕ್ ಪರೀಕ್ಷೆಯ ತಯಾರಿ ಬಗ್ಗೆ ಜೂಮ್ ವೆಬಿನಾರ್, ಸಂಜೆ 6ರಿಂದ 7. ಸ್ವಾಗತಕ್ಕೆ ಒಂದು ನಿಮಿಷ, ಸೂಚನೆಗಳಿಗೆ ಎರಡು, ಪರಿಚಯಕ್ಕೆ ಒಂದು. 6.04ಕ್ಕೆ ಮಾತು ಶುರುವಾಗಿ 6.35ಕ್ಕೆ ಮುಗಿಯಬೇಕು. ಅಲ್ಲಿಂದ 6.57ರವರೆಗೆ ಪ್ರಶ್ನೆ, ಉಳಿದ ಮೂರು ನಿಮಿಷ ವಂದನೆಗೆ. ಓದುವುದೂ ಉತ್ತರಿಸುವುದೂ ಸೇರಿ ಒಂದು ಪ್ರಶ್ನೆಗೆ ಮೂರು ನಿಮಿಷ ಹಿಡಿದರೆ ಏಳು ಪ್ರಶ್ನೆಗೆ ಜಾಗವಿದೆ. ಧ್ವನಿ ಪರೀಕ್ಷೆ ಇದರಲ್ಲಿಲ್ಲ. ಅದು ಅತಿಥಿಗಳ ಜೊತೆ 5.40ಕ್ಕೇ ಮುಗಿದಿರಬೇಕು.

ಸ್ವಾಗತಕ್ಕೆ ಇಷ್ಟು ಸಾಕು: ‘ಎಲ್ಲರಿಗೂ ನಮಸ್ಕಾರ. ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ ಮೂರು ತಿಂಗಳಲ್ಲಿ ಹೇಗೆ ಸಿದ್ಧವಾಗುವುದು ಎಂಬುದು ಇವತ್ತಿನ ವಿಷಯ. 6.35ಕ್ಕೆ ನಿಮ್ಮ ಪ್ರಶ್ನೆಗಳನ್ನು ತೆಗೆದುಕೊಳ್ಳುತ್ತೇವೆ, ಏಳಕ್ಕೆ ಸರಿಯಾಗಿ ಮುಗಿಸುತ್ತೇವೆ.’ ಸಮಯವನ್ನು ಹೀಗೆ ಎಲ್ಲರೆದುರು ಹೇಳಿಬಿಟ್ಟರೆ ಅತಿಥಿಗಳಿಗೂ ಗಡಿ ಗೊತ್ತಾಗುತ್ತದೆ. ಮುಂದೆ ಅವರ ಮಾತು ಉದ್ದವಾದಾಗ ನೆನಪಿಸಲು ನಿರೂಪಕರಿಗೆ ಹಕ್ಕೂ ಸಿಗುತ್ತದೆ.

ಸೂಚನೆಗಳಲ್ಲಿ ನಾಲ್ಕು ಮಾತು ತಪ್ಪಬಾರದು. ನಿಮ್ಮ ಮೈಕ್ ಬಂದ್ ಇರುತ್ತದೆ; ಸಂಪರ್ಕ ಕಡಿದರೆ ಅದೇ ಲಿಂಕ್‌ನಿಂದ ಮತ್ತೆ ಬನ್ನಿ; ಕಾರ್ಯಕ್ರಮ ರೆಕಾರ್ಡ್ ಆಗುತ್ತಿದೆ; ಪ್ರಶ್ನೆಯನ್ನು Chatನಲ್ಲಿ ಅಲ್ಲ, Q&Aನಲ್ಲಿ ಬರೆಯಿರಿ. ಕೊನೆಯದಕ್ಕೆ ಕಾರಣವಿದೆ. Chatನಲ್ಲಿ ‘ಗುಡ್ ಈವ್ನಿಂಗ್ ಸರ್’ಗಳ ನಡುವೆ ಪ್ರಶ್ನೆ ಮೇಲಕ್ಕೆ ಹರಿದು ಹೋಗುತ್ತದೆ; Q&Aನಲ್ಲಿ ಪಟ್ಟಿಯಾಗಿ ಉಳಿಯುತ್ತದೆ. ಐದನೆಯ ಮಾತೊಂದನ್ನು ನಾನು ಸೇರಿಸುತ್ತೇನೆ: ‘ಕನ್ನಡದಲ್ಲೇ ಬರೆಯಬಹುದು.’ ಇಂಗ್ಲಿಷ್ ತಪ್ಪಾದೀತೆಂದು ಸುಮ್ಮನಿರುವವರ ಬೆರಳು ಈ ಒಂದು ಮಾತಿಗೆ ಸಡಿಲವಾಗುತ್ತದೆ. ಹೆಸರು ಕಾಣದಂತೆ ಕೇಳುವ ಅವಕಾಶವನ್ನೂ ಆಯೋಜಕರು ಮೊದಲೇ ತೆರೆದಿಡಬಹುದು. ಇನ್ನೊಂದು ವಿಷಯ, ತಡವಾಗಿ ಬಂದವರಿಗೆ ಮೊದಲು ಹಾಕಿದ ಚಾಟ್ ಸಂದೇಶ ಸಾಮಾನ್ಯವಾಗಿ ಕಾಣುವುದಿಲ್ಲ. ಆದ್ದರಿಂದ ಇದೇ ಸೂಚನೆಯನ್ನು 6.15ಕ್ಕೆ ಮತ್ತೊಮ್ಮೆ ಹಾಕಬೇಕು.

ಪರಿಚಯದಲ್ಲಿ ಪದವಿ, ಪ್ರಶಸ್ತಿ, ಪ್ರಬಂಧಗಳ ಪಟ್ಟಿ ಓದಿದರೆ ಕೇಳುವವರಿಗೆ ಏನೂ ಉಳಿಯುವುದಿಲ್ಲ. ಅವರು ಯಾರು, ನಮಗೆ ಯಾಕೆ ಬೇಕು, ಇವತ್ತು ಏನು ಹೇಳುತ್ತಾರೆ ಎಂಬ ಮೂರೇ ಸಂಗತಿ ಇರಲಿ. ‘ಹನ್ನೆರಡು ವರ್ಷದಿಂದ ಬ್ಯಾಂಕಿನಲ್ಲಿದ್ದಾರೆ. ಮೊದಲ ಎರಡು ಸಲ ಪರೀಕ್ಷೆ ದಾಟಿರಲಿಲ್ಲ. ಮೂರನೇ ಸಲ ಏನು ಬದಲಾಯಿಸಿಕೊಂಡರು ಎಂಬುದನ್ನು ಇವತ್ತು ಹೇಳುತ್ತಾರೆ’ ಎಂದರೆ ಮೊಬೈಲ್ ಪಕ್ಕಕ್ಕಿಟ್ಟವರೂ ಕೈಗೆತ್ತಿಕೊಳ್ಳುತ್ತಾರೆ. ಇಂಥ ವಿವರ ಹೇಳಬಹುದೇ ಎಂದು ಅವರನ್ನೇ ಮೊದಲು ಕೇಳಿರಬೇಕು, ಹೆಸರಿನ ಉಚ್ಚಾರವನ್ನೂ ಕೇಳಿಕೊಂಡಿರಬೇಕು. ಪ್ರಾಂಶುಪಾಲರ ಹೆಸರು ಬಿಡಲಾಗುತ್ತದೆಯೇ ಎಂದರೆ, ಬೇಡ. 5.50ರಿಂದ 6ರವರೆಗೆ ಪರದೆಯ ಮೇಲಿರುವ ಸ್ಲೈಡಿನಲ್ಲಿ ಎಲ್ಲರ ಹೆಸರೂ ಇರಲಿ, ಕೊನೆಯ ವಂದನೆಯಲ್ಲಿ ಒಮ್ಮೆ ಬರಲಿ. ಗೌರವಕ್ಕೆ ಕುಂದಿಲ್ಲ, ಸಮಯವೂ ಉಳಿಯಿತು.

ಈಗ ಪ್ರಶ್ನೆಯ ಭಾಗ. ಇದನ್ನು ಒಬ್ಬರೇ ಮಾಡಲಾಗದು. ನಿರೂಪಕರು ಮಾತು ನೋಡಿಕೊಳ್ಳುವಾಗ ಇನ್ನೊಬ್ಬ ವಿದ್ಯಾರ್ಥಿ ಪ್ರಶ್ನೆಗಳನ್ನು ಬೇರ್ಪಡಿಸುತ್ತಿರಬೇಕು. 6.35ಕ್ಕೆ 19 ಪ್ರಶ್ನೆ ಬಂದಿವೆ ಎಂದುಕೊಳ್ಳಿ. ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದಾದರೂ ಇಂಗ್ಲಿಷ್ ವಿಭಾಗ ಇಂಗ್ಲಿಷಿನಲ್ಲೇ ಇರುವುದರಿಂದ ಎಂಟು ಜನ ಅದರ ಬಗ್ಗೆಯೇ ಕೇಳಿದ್ದಾರೆ. ನಾಲ್ಕು ವಯೋಮಿತಿಯದು, ಎರಡು ಸಂಬಳದ್ದು, ಮೂರು ಸ್ವಂತದ ವಿಚಾರ, ಎರಡು ಬೇರೆ ಪರೀಕ್ಷೆಯವು. ಬಂದ ಸಾಲಿನಂತೆ ಓದುತ್ತಾ ಹೋದರೆ ಏಳರಲ್ಲಿ ನಾಲ್ಕು ಇಂಗ್ಲಿಷಿನದೇ ಆಗಿಬಿಡಬಹುದು. ಅದರ ಬದಲು ‘ಎಂಟು ಮಂದಿ ಇದನ್ನೇ ಕೇಳಿದ್ದಾರೆ: ಕನ್ನಡ ಮಾಧ್ಯಮದವರು ಇಂಗ್ಲಿಷ್ ವಿಭಾಗಕ್ಕೆ ಎಲ್ಲಿಂದ ಶುರು ಮಾಡಬೇಕು?’ ಎಂದು ಸೇರಿಸಿ ಕೇಳಬೇಕು. ಹೀಗೆ ಮೂರು ಉತ್ತರದಲ್ಲಿ 14 ಜನರ ಪ್ರಶ್ನೆ ಮುಗಿಯುತ್ತದೆ. ವಯೋಮಿತಿಯಂಥ ನಿಯಮಕ್ಕೆ ಅತಿಥಿಗಳ ನೆನಪಿಗಿಂತ ಆ ವರ್ಷದ ಅಧಿಸೂಚನೆಯೇ ಆಧಾರ. ಅದರ ಲಿಂಕ್ ಹಾಕಿದರೆ ಉತ್ತರ ಇನ್ನೂ ಚಿಕ್ಕದಾಗುತ್ತದೆ. ಪ್ರತಿ ಪ್ರಶ್ನೆಯನ್ನೂ ಜೋರಾಗಿ ಓದಲೇಬೇಕು, ಏಕೆಂದರೆ ಆಮೇಲೆ ರೆಕಾರ್ಡಿಂಗ್ ನೋಡುವವರಿಗೆ ಆ ಪಟ್ಟಿ ಕಾಣುವುದಿಲ್ಲ.

ಕಷ್ಟದ ಗಳಿಗೆಗಳಿಗೆ ವಾಕ್ಯ ಮೊದಲೇ ಬರೆದಿಟ್ಟುಕೊಳ್ಳಬೇಕು. ಆ ಹೊತ್ತಿಗೆ ಹುಡುಕಿದರೆ ಬಾಯಿಗೆ ಬರುವುದಿಲ್ಲ. ಸ್ವಂತದ ಪ್ರಶ್ನೆ ಬಂದರೆ: ‘ಇದನ್ನು ಎಲ್ಲರಿಗೂ ಅನ್ವಯಿಸುವ ಹಾಗೆ ಕೇಳುತ್ತೇನೆ ಸರ್, ಪದವಿಯಲ್ಲಿ ಅಂಕ ಕಡಿಮೆಯಿದ್ದರೆ ಆಯ್ಕೆಗೆ ತೊಂದರೆಯೇ?’ ವಿಷಯ ಬಿಟ್ಟ ಪ್ರಶ್ನೆಗೆ: ‘ಒಳ್ಳೆಯ ಪ್ರಶ್ನೆ, ಇವತ್ತಿನ ವ್ಯಾಪ್ತಿಯಲ್ಲಿಲ್ಲ, ಬರೆದಿಟ್ಟುಕೊಂಡಿದ್ದೇವೆ.’ ಅತಿಥಿಗಳ ಉತ್ತರ ಹರಡಿಕೊಂಡರೆ, ಅವರು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ: ‘ಸರ್, ಇನ್ನೂ ನಾಲ್ಕು ಪ್ರಶ್ನೆ ಕಾಯುತ್ತಿವೆ, ಇದಕ್ಕೆ ಒಂದೇ ಮಾತಿನ ಸಲಹೆ ಕೊಡುವಿರಾ?’

ಎಲ್ಲಕ್ಕಿಂತ ಹೆದರಿಸುವುದು ಮೌನ. ‘ಪ್ರಶ್ನೆಗಳಿವೆಯೇ?’ ಎಂದ ಮೂರು ಸೆಕೆಂಡಿಗೆ ‘ಇಲ್ಲವೆಂದು ಕಾಣುತ್ತದೆ’ ಎನ್ನುವುದು ಅನ್ಯಾಯ. ಧ್ವನಿ ಆ ಕಡೆ ತಲುಪುವುದೇ ಸ್ವಲ್ಪ ತಡ, ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡಲು ಇನ್ನಷ್ಟು ಹೊತ್ತು ಬೇಕು. ನೋಂದಣಿ ಫಾರಂನಲ್ಲಿ ‘ನಿಮ್ಮ ಒಂದು ಪ್ರಶ್ನೆ’ ಎಂಬ ಖಾನೆಯಿದ್ದರೆ ಅದರಿಂದ ಎರಡನ್ನು ಆರಿಸಿಟ್ಟುಕೊಂಡು, ‘ನೋಂದಣಿ ಮಾಡುವಾಗಲೇ ಒಬ್ಬರು ಕೇಳಿದ್ದರು’ ಎಂದು ಶುರು ಮಾಡಬಹುದು. ಅದಕ್ಕೆ ಉತ್ತರ ಬರುವಷ್ಟರಲ್ಲಿ ಉಳಿದವರ ಟೈಪಿಂಗ್ ಮುಗಿದಿರುತ್ತದೆ.

ಬರೆದದ್ದನ್ನೆಲ್ಲ ಓದಿದರೆ ಯಾಂತ್ರಿಕವಾಗುತ್ತದೆ ಎಂಬ ಆಕ್ಷೇಪ ಸರಿಯೇ. ಅದಕ್ಕೇ ಸ್ವಾಗತ, ಸೂಚನೆ, ಮೇಲಿನ ಕಷ್ಟದ ವಾಕ್ಯಗಳು ಇಷ್ಟನ್ನು ಮಾತ್ರ ಬರೆದು, ಉಳಿದದ್ದಕ್ಕೆ ಸಮಯವನ್ನಷ್ಟೇ ಗುರುತು ಹಾಕಿಕೊಳ್ಳಿ. 6.57ಕ್ಕೆ ಕೊನೆಯ ಮಾತು ಹೀಗಿರಲಿ: ‘ಉಳಿದ ಐದು ಪ್ರಶ್ನೆಗಳಿಗೆ ಮೇಡಂ ಅಥವಾ ಸರ್ ಕೊಡುವ ಉತ್ತರವನ್ನು ಶುಕ್ರವಾರದೊಳಗೆ ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತೇವೆ.’ ಶುಕ್ರವಾರ ಎಂದ ಮೇಲೆ ಶುಕ್ರವಾರವೇ ಹಾಕಬೇಕು. ಮುಂದಿನ ವೆಬಿನಾರಿಗೆ ಜನ ಬರುವುದು, ಬಂದವರು ಕೇಳುವುದು ಅದರ ಮೇಲೆ ನಿಂತಿದೆ.