ಹಲ್ಲಿನ ಸೆಟ್ ಹಾಕಿಸಿದ ಮರುದಿನವೇ ಊರು ಬಿಡಬೇಡಿ

ಹೃದಯದ ಡಾಕ್ಟರಿಗೆ ಹಲ್ಲಿನ ಉಸಾಬರಿ ಯಾಕೆ ಎಂದು ಕೇಳಬಹುದು. ನಾಗಪುರದಲ್ಲಿ ನನ್ನ ಬಳಿ ಬರುವ ಕೆಲವು ಹಿರಿಯರ ಕಾಲು ಊತಕ್ಕೆ ಕಾರಣ ಹುಡುಕುತ್ತಾ ಹೋದರೆ, ಡಬ್ಬಿಯಲ್ಲಿ ಮುಚ್ಚಿಟ್ಟ ಹಲ್ಲಿನ ಸೆಟ್ ಸಿಗುತ್ತದೆ. ಅದಕ್ಕೇ ಈ ಬರಹ.

ಉದಾಹರಣೆಗೆ, ಉತ್ತರ ಕರ್ನಾಟಕದ, 70 ದಾಟಿದ ಒಬ್ಬ ಅಜ್ಜ. ಹೃದಯದ ಪಂಪಿಂಗ್ ಕಡಿಮೆ. ಊರಲ್ಲಿ ಹಲ್ಲು ಕೀಳಿಸಿ, ಎರಡು ತಿಂಗಳಿಗೆ ಪೂರ್ತಿ ಸೆಟ್ ಹಾಕಿಸಿಕೊಂಡು, ಮರುದಿನವೇ ಮಗನ ಜೊತೆ ನಾಗಪುರಕ್ಕೆ ರೈಲು ಹತ್ತಿದರು. ಮೂರನೇ ದಿನಕ್ಕೆ ಕೆಳಗಿನ ಸೆಟ್ಟಿನ ಅಂಚು ಒತ್ತಿ ಹುಣ್ಣಾಯಿತು. ತೆಗೆದಿಟ್ಟರು. ರೊಟ್ಟಿ, ಕಾಳುಪಲ್ಯ ಹೋಯಿತು. ಗಂಜಿ ಜೊತೆ ಉಪ್ಪಿನಕಾಯಿ ರಸ, ಚಹಾದಲ್ಲಿ ಅದ್ದಿದ ಬಿಸ್ಕತ್ತು ಬಂತು. ಉಪ್ಪು ಹೆಚ್ಚಾಗಿ ಮೈಯಲ್ಲಿ ನೀರು ನಿಂತಿತು. ನೀರು ಇಳಿಸುವ ಗುಳಿಗೆ ಹೆಚ್ಚಿಸಿದರೆ ಬಾಯಿ ಒಣಗಿ ಸೆಟ್ ಇನ್ನೂ ಸಡಿಲ.

*ಕೆಳಗಿನ ಸೆಟ್ಟೇ ಯಾಕೆ ಕಾಟ ಕೊಡುತ್ತದೆ?*

ಸೆಟ್ಟನ್ನು ಹಿಡಿದಿಡುವುದು ಜೊಲ್ಲಿನ ತೆಳು ಪದರ. ಒದ್ದೆಯಾದ ಎರಡು ಗಾಜು ಒಂದಕ್ಕೊಂದು ಅಂಟುತ್ತವಲ್ಲ, ಹಾಗೆ. ಮೇಲಿನ ಸೆಟ್ ಇಡೀ ಅಂಗುಳನ್ನು ಮುಚ್ಚುತ್ತದೆ. ಕೆಳಗಿನದು ಕುದುರೆ ಲಾಳದ ಆಕಾರ. ಅದಕ್ಕೆ ಸಿಗುವ ಜಾಗ ಹೆಚ್ಚು ಕಡಿಮೆ ಮೇಲಿನದರ ಅರ್ಧ. ಜೊತೆಗೆ ನಾಲಿಗೆ, ಕೆನ್ನೆ ಸದಾ ತಳ್ಳುತ್ತಿರುತ್ತವೆ.

ಇನ್ನೊಂದು ವಿಷಯ: ಹಲ್ಲು ಹೋದ ಮೇಲೆ ದವಡೆಯ ಮೂಳೆ ಸವೆಯುತ್ತದೆ. ಮೊದಲ ವರ್ಷ ವೇಗವಾಗಿ, ಆಮೇಲೆ ನಿಧಾನವಾಗಿ, ಆದರೆ ಜೀವನಪೂರ್ತಿ. ಸೆಟ್ ಹಾಕಿದವರನ್ನು 25 ವರ್ಷ ಗಮನಿಸಿ ಟಾಲ್‌ಗ್ರೆನ್ 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಳದವಡೆಯ ಮುಂಭಾಗ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಸವೆದಿತ್ತು. ಸೆಟ್ ಬದಲಾಗುವುದಿಲ್ಲ, ಅದರಡಿಯ ನೆಲ ಇಳಿಯುತ್ತದೆ.

*ತೊಂದರೆ ಎಲ್ಲಿದೆ ಎಂದು ಗುರುತಿಸುವುದು ಹೇಗೆ?*

👉 ಹೊಸ ಸೆಟ್, ಒಂದೇ ಜಾಗದಲ್ಲಿ ಹುಣ್ಣು: ಅಂಚು ಉದ್ದವಾಗಿದೆ. ದಂತವೈದ್ಯರು ಆ ಜಾಗ ಗುರುತಿಸಿ ಸ್ವಲ್ಪ ಉಜ್ಜಿದರೆ ಮುಗಿಯಿತು. ಮನೆಯಲ್ಲಿ ಚಾಕು, ಸ್ಯಾಂಡ್‌ಪೇಪರ್ ಬೇಡ. ತಪ್ಪು ಜಾಗ ಸವೆದರೆ ಹಿಡಿತವೇ ಹೋಗುತ್ತದೆ.

👉 ಮಾತಾಡುವಾಗ ಹಲ್ಲು ಟಕಟಕ ಬಡಿಯುವುದು, ಸಂಜೆಗೆ ವಸಡೆಲ್ಲ ನೋವು: ಸೆಟ್ಟಿನ ಎತ್ತರ ಜಾಸ್ತಿ ಇರಬಹುದು. ಇದು ಬರೀ ಉಜ್ಜಿದರೆ ಸರಿಹೋಗದಿರಬಹುದು, ಹಲ್ಲು ಮತ್ತೆ ಜೋಡಿಸಬೇಕಾದೀತು.

👉 ಮೊದಲು ಚೆನ್ನಾಗಿತ್ತು, ಬರಬರುತ್ತಾ ಸಡಿಲ: ಮೂಳೆ ಸವೆದಿದೆ. ಒಳಮೈಗೆ ಹೊಸ ಪದರ ಕೊಡಿಸಬೇಕು, ಇದನ್ನು ರಿಲೈನ್ ಎನ್ನುತ್ತಾರೆ. ಅಂಟು ಪುಡಿ ಹೆಚ್ಚಿಸುತ್ತಾ ಹೋಗುವುದು ಪರಿಹಾರವಲ್ಲ.

ಆ ಅಜ್ಜನಿಗೆ ಮೊದಲನೆಯ ತೊಂದರೆ ಇತ್ತು. ಇಲ್ಲೇ ಅಂಚು ಉಜ್ಜಿಸಿದ ಮೇಲೆ ಸೆಟ್ ಬಾಯಿಗೆ ಮರಳಿತು, ಮೆತ್ತಗಿನ ರೊಟ್ಟಿಯೂ. ಉಪ್ಪಿನಕಾಯಿ ಬಿಟ್ಟರು, ಊತ ಇಳಿಯಿತು. ಒಂದು ವರ್ಷದೊಳಗೆ ರಿಲೈನ್ ಬೇಕಾಗುತ್ತದೆ ಎಂದು ಮಗನಿಗೆ ಮೊದಲೇ ಹೇಳಿದ್ದೇವೆ.

*ನನ್ನ ಅಭಿಪ್ರಾಯ*

2014ರಲ್ಲಿ ಶುರುವಾದ ಕರ್ನಾಟಕದ ದಂತ ಭಾಗ್ಯ ಯೋಜನೆಯಲ್ಲಿ ಬಿಪಿಎಲ್ ಹಿರಿಯರಿಗೆ ಉಚಿತವಾಗಿ ಸೆಟ್ ಕೊಡುವ ವ್ಯವಸ್ಥೆ ಬಂತು. ಊರಲ್ಲೇ ಮಾಡಿಸಿ, ತಪ್ಪಿಲ್ಲ. ಆದರೆ ನಾವು ಹೊರರಾಜ್ಯದವರು ರಜೆಗೆ ತಕ್ಕಂತೆ ಟಿಕೆಟ್ ತೆಗೆಯುತ್ತೇವೆ, ವಸಡಿಗೆ ತಕ್ಕಂತಲ್ಲ. ಸೆಟ್ ಕೊಟ್ಟ ದಿನ ಅರ್ಧ ಕೆಲಸವಷ್ಟೇ ಮುಗಿದಿರುತ್ತದೆ. ಮರುದಿನ ಒಮ್ಮೆ, ವಾರದ ನಂತರ ಒಮ್ಮೆ ತೋರಿಸಲೇಬೇಕು. ಕನಿಷ್ಠ ಹತ್ತು ದಿನ ಅಪ್ಪ ಅಮ್ಮನನ್ನು ಊರಲ್ಲೇ ಇರಿಸಿ. ಈಗಾಗಲೇ ಕರೆತಂದಿದ್ದರೆ, ನೀವಿರುವ ಊರಿನ ದಂತ ಕಾಲೇಜಿಗೆ ಹೋಗಿ. ನಾಗಪುರದಲ್ಲಿ ಸರ್ಕಾರಿ ಡೆಂಟಲ್ ಕಾಲೇಜು ಇದೆ. ಬೇರೆಯವರು ಮಾಡಿದ ಸೆಟ್ ಎಂದು ಸಂಕೋಚ ಬೇಡ. ಹೋಗುವ ದಿನ ಬೆಳಿಗ್ಗೆಯಿಂದ ಸೆಟ್ ಹಾಕಿಕೊಂಡಿರಲಿ, ಆಗಲೇ ಒತ್ತಿದ ಗುರುತು ಕಾಣುವುದು.

ಮೂರು ಎಚ್ಚರಿಕೆ. ಸೆಟ್ ಉಜ್ಜಿಸಲು, ರಿಲೈನ್ ಮಾಡಿಸಲು ರಕ್ತ ತೆಳುವಾಗಿಸುವ ಗುಳಿಗೆ ನಿಲ್ಲಿಸಬೇಡಿ. ರಾತ್ರಿ ಸೆಟ್ ತೆಗೆದು ನೀರಿನಲ್ಲಿಡಿ. ಒಂದೆರಡು ಹಲ್ಲಿನ ಚಿಕ್ಕ ಸೆಟ್ಟಿನ ತಂತಿ ಸಡಿಲವಾಗಿದ್ದರೆ ನಿದ್ದೆಯಲ್ಲಿ ಗಂಟಲಿಗೆ ಇಳಿಯಬಹುದು, ಅದರ ಪ್ಲಾಸ್ಟಿಕ್ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದೂ ಇಲ್ಲ. ಅಂಚು ಸರಿಮಾಡಿಸಿದ ಮೇಲೂ ಎರಡು ವಾರದಲ್ಲಿ ಮಾಯದ ಹುಣ್ಣನ್ನು, ಅದರಲ್ಲೂ ತಂಬಾಕು, ಖರ್ರಾ ಅಭ್ಯಾಸ ಇದ್ದವರು, ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಇವತ್ತು ಮನೆಯ ಹಿರಿಯರನ್ನು ಒಂದು ಮಾತು ಕೇಳಿ: ಸೆಟ್ ಬಾಯಲ್ಲಿದೆಯಾ, ಡಬ್ಬಿಯಲ್ಲಿದೆಯಾ?